ಅಪಾಯಿಂಟ್‌ಮೆಂಟ್ ಲೆಟರ್ ತಿದ್ದಿ ಕನ್ಸಲ್ಟೆಂಟ್ ಪತ್ರ ಮಾಡಬಹುದೇ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್ ಇದೆ. 26 ಜನ ಕೆಲಸ ಮಾಡ್ತಾರೆ, ಎಲ್ಲರಿಗೂ ಪಿಎಫ್ ಕಟ್ತೀವಿ. ಈಗ ಮೆಷಿನ್ ಮೇಲೆ ಪೀಸ್ ಹಿಡಿದಿಡೋ ಫಿಕ್ಸ್‌ಚರ್ ಡಿಸೈನ್ ಮಾಡೋಕೆ ಅನುಭವಿ ಇಂಜಿನಿಯರ್ ಒಬ್ಬರನ್ನ ಕನ್ಸಲ್ಟೆಂಟ್ ಅಂತ ಆರು ತಿಂಗಳಿಗೆ ತಗೊಳ್ತಿದ್ದೀವಿ. ತಿಂಗಳಿಗೆ 60 ಸಾವಿರ ಅಂತ ಮಾತಾಗಿದೆ. ಪಿಎಫ್ ಬೇಡ ಅಂತ ಅವರೇ ಹೇಳಿದ್ದಾರೆ. ನಮ್ಮ ಹಳೇ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ‘ನೌಕರ’ ಅನ್ನೋ ಕಡೆ ‘ಕನ್ಸಲ್ಟೆಂಟ್’ ಅಂತ ಹಾಕಿದ್ರೆ ಸಾಕಾ? ಕೆಲಸ, ಹಣ, ಬಿಡುವ ವಿಷಯ ಹೇಗೆ ಬರೀಬೇಕು?

ಉತ್ತರ: ಸಾಕಾಗುವುದಿಲ್ಲ. ಹಳೇ ಲೆಟರ್‌ನಲ್ಲಿ ಹಾಜರಿ, ರಜೆ, ಪ್ರೊಬೇಷನ್, ತಿಂಗಳ ಸಂಬಳ, ‘ಕಂಪನಿ ಹೇಳಿದ ಇತರ ಕೆಲಸಗಳು’ ಎಲ್ಲವೂ ಇರುತ್ತವೆ. ಒಂದು ಪದ ಬದಲಿಸಿ ಉಳಿದದ್ದನ್ನು ಹಾಗೇ ಬಿಟ್ಟರೆ, ನಾಳೆ ಆ ಪತ್ರವೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ಪತ್ರಕ್ಕೆ ನೀವು ಕೊಟ್ಟ ಹೆಸರಿಗೆ ನ್ಯಾಯಾಲಯವಾಗಲೀ ಪಿಎಫ್ ಕಚೇರಿಯಾಗಲೀ ಹೆಚ್ಚು ಬೆಲೆ ಕೊಡುವುದಿಲ್ಲ. ಒಳಗೆ ಏನು ಬರೆದಿದೆ, ಶಾಪ್‌ನಲ್ಲಿ ದಿನಾ ಏನು ನಡೆಯುತ್ತಿದೆ ಎಂಬುದನ್ನು ನೋಡುತ್ತಾರೆ.

ಈ ವಿಚಾರದಲ್ಲಿ ಸುಪ್ರೀಂ ಕೋರ್ಟ್ ದಾರಿ ಹಾಕಿಕೊಟ್ಟು ಬಹಳ ವರ್ಷಗಳಾದವು. 1956ರ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ತೀರ್ಪು ಉಪ್ಪು ತಯಾರಿಸುವ ಅಗರಿಯಾಗಳಿಗೆ ಸಂಬಂಧಿಸಿದ್ದು. ಅವರಿಗೆ ತಿಂಗಳ ಸಂಬಳ ಇರಲಿಲ್ಲ, ತಯಾರಿಸಿದ ಉಪ್ಪಿನ ಲೆಕ್ಕದಲ್ಲಿ ಹಣ ಸಿಗುತ್ತಿತ್ತು. ಸಹಾಯಕರನ್ನು ಅವರೇ ಇಟ್ಟುಕೊಳ್ಳುತ್ತಿದ್ದರು. ಆದರೂ ಅವರನ್ನು ಕಾರ್ಮಿಕರೆಂದೇ ಪರಿಗಣಿಸಿದ್ದು ಸರಿ ಎಂದು ಕೋರ್ಟ್ ಹೇಳಿತು. ಕೆಲಸ ಹೇಗೆ ನಡೆಯಬೇಕು ಎಂಬುದರ ಮೇಲೆ ಕಂಪನಿಯ ಹಿಡಿತ ಇತ್ತು ಎಂಬುದು ಅಲ್ಲಿ ಮುಖ್ಯವಾಯಿತು. 1973ರ ಸಿಲ್ವರ್ ಜ್ಯೂಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ ದರ್ಜಿಗಳಿಗೆ ಪೀಸ್ ಲೆಕ್ಕದಲ್ಲಿ ಕೂಲಿ. ಬರುವ ಹೋಗುವ ಸಮಯ ಕಟ್ಟುನಿಟ್ಟಾಗಿರಲಿಲ್ಲ. ಹಾಗಿದ್ದರೂ ಹೊಲಿಗೆ ಯಂತ್ರ ಅಂಗಡಿಯದ್ದು, ಹೊಲಿದದ್ದು ಸರಿ ಇಲ್ಲದಿದ್ದರೆ ಮತ್ತೆ ಹೊಲಿಸುವ ಅಧಿಕಾರವೂ ಅಂಗಡಿಯದ್ದು. ಅವರೂ ನೌಕರರೆಂದೇ ತೀರ್ಮಾನವಾಯಿತು.

ಇನ್ನೊಂದು ಕಡೆಗೆ ವಾಲಿದ ತೀರ್ಪು 2020ರದು. ಗುಜರಾತಿನ ಕಣ್ಣಾಸ್ಪತ್ರೆಯೊಂದರ ಶಸ್ತ್ರಚಿಕಿತ್ಸಕರು ಆಸ್ಪತ್ರೆಯ ಬಸ್ಸಿನ ಅಪಘಾತದಲ್ಲಿ ತೀರಿಕೊಂಡರು. ಅವರು ನೌಕರರಾಗಿದ್ದರೆ ವಿಮಾ ಕಂಪನಿಯ ಹೊಣೆ ಕಡಿಮೆಯಾಗುತ್ತಿತ್ತು. ಆಸ್ಪತ್ರೆ ಮತ್ತು ವೈದ್ಯರ ನಡುವಿನ ಒಪ್ಪಂದವನ್ನು ಕೋರ್ಟ್ ಇಡಿಯಾಗಿ ಓದಿ, ಇದು ನೌಕರಿಯಲ್ಲ, ಸ್ವತಂತ್ರ ಸೇವೆ ಎಂದಿತು. ಯಾವುದೋ ಒಂದು ಪರೀಕ್ಷೆಯಿಂದ ಇದನ್ನು ನಿರ್ಧರಿಸಲು ಆಗದು, ಹಿಡಿತ, ಸಲಕರಣೆ, ಹಣದ ರೀತಿ, ಲಾಭ ನಷ್ಟದ ಹೊಣೆ ಎಲ್ಲವನ್ನೂ ತೂಗಿ ನೋಡಬೇಕು ಎಂಬುದು ಆ ತೀರ್ಪಿನ ತಿರುಳು. ನಿಮ್ಮ ಪತ್ರವನ್ನೂ ಒಂದು ದಿನ ಯಾರಾದರೂ ಹೀಗೇ ಓದಬಹುದು ಎಂದುಕೊಂಡು ಬರೆಯಿರಿ.

ಈ ವಿಷಯ ಹೊರಗೆ ಬರುವುದು ಸಾಮಾನ್ಯವಾಗಿ ಎರಡು ದಾರಿಯಲ್ಲಿ. ಪಿಎಫ್ ತಪಾಸಣೆಗೆ ಬಂದವರು ಹಾಜರಿ ಪುಸ್ತಕದ ಜೊತೆ ಲೆಡ್ಜರ್ ಕೂಡ ತೆರೆಯುತ್ತಾರೆ. ‘ಪ್ರೊಫೆಷನಲ್ ಫೀ’ ಎಂಬ ತಲೆಬರಹದಡಿ ಒಂದೇ ಹೆಸರಿಗೆ ಪ್ರತಿ ತಿಂಗಳು ಒಂದೇ ದಿನ ಒಂದೇ ಮೊತ್ತ ಹೋಗಿದ್ದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಎರಡನೆಯದು, ಕೆಲವು ವರ್ಷಗಳ ಮೇಲೆ ಮನಸ್ತಾಪವಾಗಿ ಕನ್ಸಲ್ಟೆಂಟೇ ದೂರು ಕೊಡುವುದು. ‘ಪಿಎಫ್ ಬೇಡ ಅಂತ ಅವರೇ ಹೇಳಿದ್ದರು’ ಎಂಬ ಮಾತು ಎರಡೂ ಕಡೆ ನಡೆಯುವುದಿಲ್ಲ. ಪಿಎಫ್ ಕಾನೂನಿನ ಬಾಧ್ಯತೆ, ಇಬ್ಬರೂ ಒಪ್ಪಿದರು ಎಂದು ಅದು ತಪ್ಪುವುದಿಲ್ಲ.

ಖರ್ಚಿನ ಅಂದಾಜು ಇರಲಿ. ಅವರು ಅನುಭವಿ ಎಂದಿರಿ, ಹಿಂದಿನ ಕೆಲಸಗಳಲ್ಲಿ ಪಿಎಫ್ ಸದಸ್ಯರಾಗಿರುತ್ತಾರೆ. ಹಾಗಾಗಿ ‘ಸಂಬಳ 15,000 ಮೀರಿದೆ, ಪಿಎಫ್‌ಗೆ ಬರುವುದಿಲ್ಲ’ ಎಂಬ ವಿನಾಯಿತಿ ಬಹುಮಟ್ಟಿಗೆ ಸಿಗುವುದಿಲ್ಲ. 15,000 ರೂಪಾಯಿಯ ಮಿತಿಯಲ್ಲೇ ಲೆಕ್ಕ ಹಾಕಿದರೂ ಶೇ. 12ರಂತೆ ಇಬ್ಬರ ಪಾಲು ತಲಾ 1,800, ಅಂದರೆ ತಿಂಗಳಿಗೆ 3,600. ಆರು ತಿಂಗಳಿಗೆ ಅಂತ ಶುರುವಾದದ್ದು ಮೂರು ವರ್ಷ ಎಳೆದರೆ 1,29,600. ಹಳೇ ತಿಂಗಳುಗಳ ನೌಕರನ ಪಾಲನ್ನು ಆಮೇಲೆ ಅವರ ಹಣದಲ್ಲಿ ಮುರಿದುಕೊಳ್ಳಲು ಆಗುವುದಿಲ್ಲ, ಎರಡೂ ಪಾಲು ನಿಮ್ಮ ಕೈಯಿಂದಲೇ ಹೋಗಬೇಕು. ಇದರ ಮೇಲೆ ಬಡ್ಡಿ, ದಂಡ, ಆಡಳಿತ ಶುಲ್ಕ ಬೇರೆ.

ಮೊದಲು ಕೆಲಸ

ಪತ್ರ ಬರೆಯಲು ಕೂರುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿ. ಆರು ತಿಂಗಳ ಕೊನೆಗೆ ಈ ಮನುಷ್ಯರಿಂದ ನಿಮ್ಮ ಟೇಬಲ್ ಮೇಲೆ ಏನು ಬಂದಿರಬೇಕು? ‘ದಿನಾ ಬಂದು ಡಿಸೈನ್ ಸೆಕ್ಷನ್ ನೋಡ್ಕೋಬೇಕು’ ಎಂಬುದು ನಿಮ್ಮ ಉತ್ತರವಾದರೆ ನಿಮಗೆ ಬೇಕಿರುವುದು ನೌಕರ. ಆಗ ಕನ್ಸಲ್ಟೆಂಟ್ ಪತ್ರದ ಆಸೆ ಬಿಡಿ. ಆರು ತಿಂಗಳ ನಿಗದಿತ ಅವಧಿಯ ನೌಕರಿ ಕೊಟ್ಟು, ಪಿಎಫ್ ಕಟ್ಟಿ. ಅದೂ ಕಾನೂನು ಒಪ್ಪಿದ ದಾರಿಯೇ. ‘ಮೂರು ಫಿಕ್ಸ್‌ಚರ್‌ಗಳ ಡ್ರಾಯಿಂಗ್, ಟ್ರಯಲ್‌ನಲ್ಲಿ ಪಾಸ್ ಆದಂಥವು’ ಎಂಬುದು ಉತ್ತರವಾದರೆ ನೀವು ಸರಿಯಾದ ಜಾಗದಲ್ಲಿದ್ದೀರಿ.

ನಿಮ್ಮ ವಿಷಯ ಎರಡನೆಯದೇ ಎಂದು ಇಟ್ಟುಕೊಂಡು ಮುಂದೆ ಹೋಗುತ್ತೇನೆ. ಒಂದು ಹೈಡ್ರಾಲಿಕ್ ವಾಲ್ವ್ ಬಾಡಿಗಾಗಿ ಮೂರು ಮಷೀನಿಂಗ್ ಫಿಕ್ಸ್‌ಚರ್ ಬೇಕು ಅಂದುಕೊಳ್ಳಿ. ‘ಡಿಸೈನ್ ಸಂಬಂಧಿ ಸಲಹೆ’ ಎಂದು ಒಂದು ಸಾಲು ಬರೆದು ಬಿಡಬೇಡಿ. ಅಂಥ ಸಾಲು ಆಮೇಲೆ ಹಿಗ್ಗುತ್ತಾ ಹೋಗುತ್ತದೆ. ಮೊದಲ ತಿಂಗಳು ಫಿಕ್ಸ್‌ಚರ್, ಎರಡನೇ ತಿಂಗಳು ಗ್ರಾಹಕರ ಆಡಿಟ್‌ಗೆ ಕಾಗದ, ಮೂರನೇ ತಿಂಗಳು ಹೊಸ ಹುಡುಗರಿಗೆ ತರಬೇತಿ. ಹಾಗೆ ಹಿಗ್ಗಿದ ದಿನದಿಂದ ಅವರು ನಿಮ್ಮ ನೌಕರರಂತೆ ಕಾಣತೊಡಗುತ್ತಾರೆ. ನಾನಾದರೆ ಹೀಗೆ ಬರೆಯುತ್ತೇನೆ:

> “ಅನುಬಂಧ 1ರಲ್ಲಿ ಹೇಳಿದ ವಾಲ್ವ್ ಬಾಡಿಗಾಗಿ ಮೂರು ಮಷೀನಿಂಗ್ ಫಿಕ್ಸ್‌ಚರ್‌ಗಳನ್ನು ಕನ್ಸಲ್ಟೆಂಟ್ ವಿನ್ಯಾಸ ಮಾಡಿಕೊಡುತ್ತಾರೆ. ಪ್ರತಿ ಫಿಕ್ಸ್‌ಚರ್‌ಗೆ ಕೊಡಬೇಕಾದ್ದು: ತ್ರೀಡಿ ಮಾಡೆಲ್, ಉತ್ಪಾದನಾ ಡ್ರಾಯಿಂಗ್‌ಗಳು, ಬೇಕಾದ ಸಾಮಗ್ರಿಗಳ ಪಟ್ಟಿ. ಅನುಬಂಧ 1ರ ಅಳತೆ ಮತ್ತು ಟಾಲರೆನ್ಸ್ ಒಳಗೆ ಸತತ ಐದು ಪೀಸ್ ಬಂದರೆ ಫಿಕ್ಸ್‌ಚರ್ ಟ್ರಯಲ್‌ನಲ್ಲಿ ಪಾಸ್ ಆದಂತೆ. ಇದರ ಹೊರಗಿನ ಯಾವುದೇ ಕೆಲಸಕ್ಕೆ ಇಬ್ಬರೂ ಸಹಿ ಮಾಡಿದ ಬೇರೆ ಪತ್ರ ಬೇಕು.”

‘ಐದು ಪೀಸ್’ ಎಂಬುದು ನನ್ನ ಉದಾಹರಣೆ, ನಿಮ್ಮ ಶಾಪ್‌ಗೆ ಸರಿಯಾದ ಸಂಖ್ಯೆ ಹಾಕಿ. ಆದರೆ ಒಂದು ಅಳತೆ ಇರಲೇಬೇಕು. ಅದಿಲ್ಲದಿದ್ದರೆ ‘ಚೆನ್ನಾಗಿ ಬಂದಿಲ್ಲ’ ಎಂದು ನೀವು ಹೇಳುತ್ತೀರಿ, ‘ಬಂದಿದೆ’ ಎಂದು ಅವರು ಹೇಳುತ್ತಾರೆ, ಹಣ ಅಲ್ಲೇ ನಿಲ್ಲುತ್ತದೆ.

ತಿದ್ದುಪಡಿಯ ಮಾತೂ ಇಲ್ಲೇ ಬರಬೇಕು. ತಪ್ಪು ಅವರ ಡ್ರಾಯಿಂಗ್‌ನದ್ದಾದರೆ ಅವರ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ನೀವು ವಾಲ್ವ್ ಬಾಡಿಯ ಡ್ರಾಯಿಂಗನ್ನೇ ಬದಲಿಸಿದರೆ ಅದಕ್ಕೆ ಬೇರೆ ಫೀ. ತಪ್ಪು ಡ್ರಾಯಿಂಗ್‌ನಿಂದ ಸ್ಟೀಲ್ ಹಾಳಾದರೆ ಆ ನಷ್ಟವನ್ನು ಅವರು ಭರಿಸಬೇಕು, ಆದರೆ ಆ ಫಿಕ್ಸ್‌ಚರ್‌ನ ಫೀ ಮೊತ್ತಕ್ಕಿಂತ ಹೆಚ್ಚಲ್ಲ ಎಂದು ಮಿತಿ ಹಾಕಿ. ಈ ಷರತ್ತನ್ನು ಜಾಸ್ತಿ ಜನ ಬಿಟ್ಟೇ ಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಪತ್ರದಲ್ಲಿ ಬಲವಾದ ಸಾಲು ಇದೇ. ನೌಕರ ಪ್ರಾಮಾಣಿಕವಾಗಿ ಮಾಡಿದ ತಪ್ಪಿನ ನಷ್ಟ ಮಾಲೀಕನದ್ದು. ಸ್ವತಂತ್ರವಾಗಿ ವ್ಯವಹಾರ ಮಾಡುವವನು ತನ್ನ ತಪ್ಪಿನ ಬೆಲೆ ತಾನೇ ಕೊಡುತ್ತಾನೆ. ಈ ಹೊಣೆ ಹೊರಲು ಅವರು ಒಪ್ಪದಿದ್ದರೆ, ಅವರು ಕೇಳುತ್ತಿರುವುದು ಸಂಬಳವೇ ಇರಬಹುದು ಎಂದು ಯೋಚಿಸಿ.

ಕೆಲಸ ಮಾಡುವ ರೀತಿಯ ಬಗ್ಗೆ ಇನ್ನು ಮೂರ್ನಾಲ್ಕು ಮಾತು ಸಾಕು. ಎಲ್ಲಿ, ಯಾವ ಹೊತ್ತಿನಲ್ಲಿ ಕೆಲಸ ಮಾಡಬೇಕೆಂದು ಅವರೇ ತೀರ್ಮಾನಿಸುತ್ತಾರೆ. ಕಂಪ್ಯೂಟರ್ ಮತ್ತು ಕ್ಯಾಡ್ ಸಾಫ್ಟ್‌ವೇರ್ ಅವರದ್ದೇ, ಲೈಸೆನ್ಸ್ ಕೂಡ ಅವರ ಹೆಸರಿನಲ್ಲೇ ಇರಬೇಕು. ಬೇರೆ ಗ್ರಾಹಕರ ಕೆಲಸವನ್ನೂ ಅವರು ಮಾಡಬಹುದು. ಸಹಾಯಕರನ್ನು ಇಟ್ಟುಕೊಳ್ಳಬಹುದು, ಆದರೆ ನಿಮ್ಮ ಗ್ರಾಹಕರ ಡ್ರಾಯಿಂಗ್ ಅವರ ಕೈಗೆ ಹೋಗುವುದರಿಂದ ಹೆಸರು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಅವರು ಶಾಪ್‌ಗೆ ಬಂದಾಗ ಸೇಫ್ಟಿ ಶೂ ಹಾಕಬೇಕು, ಗೇಟ್‌ನಲ್ಲಿ ಹೆಸರು ಬರೆಯಬೇಕು ಎಂದು ಹೇಳಿದರೆ ಅದು ನೌಕರಿಯ ಹಿಡಿತವಾಗುವುದಿಲ್ಲ, ಹೊರಗಿನಿಂದ ಬರುವ ಎಲ್ಲರಿಗೂ ಅನ್ವಯಿಸುವ ನಿಯಮ ಅದು. ಬಯೋಮೆಟ್ರಿಕ್‌ನಲ್ಲಿ ಬೆರಳು ಒತ್ತಿಸಿದರೆ ಮಾತು ಬೇರೆಯಾಗುತ್ತದೆ.

ಡ್ರಾಯಿಂಗ್ ಯಾರದ್ದು?

ನೀವು ಇದನ್ನು ಕೇಳಿಲ್ಲ. ಆದರೂ ಹೇಳದೆ ಬಿಡಲು ಆಗುವುದಿಲ್ಲ. ಈ ವಿಷಯದಲ್ಲಿ ನೌಕರ ಮತ್ತು ಕನ್ಸಲ್ಟೆಂಟ್ ನಡುವಿನ ವ್ಯತ್ಯಾಸ ನಿಮಗೆ ಉಲ್ಟಾ ಹೊಡೆಯುತ್ತದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಂ ಪ್ರಕಾರ, ನೌಕರ ತನ್ನ ಕೆಲಸದ ಭಾಗವಾಗಿ ಮಾಡಿದ ಡ್ರಾಯಿಂಗ್‌ಗೆ ಬೇರೆ ಒಪ್ಪಂದ ಇಲ್ಲದಿದ್ದರೆ ಮಾಲೀಕನೇ ಹಕ್ಕುದಾರ. ಕನ್ಸಲ್ಟೆಂಟ್ ಮಾಡಿದ ಡ್ರಾಯಿಂಗ್ ಹಾಗಲ್ಲ. ನೀವು ಹಣ ಕೊಟ್ಟಿದ್ದರೂ ಹಕ್ಕು ಅವರಲ್ಲೇ ಉಳಿಯುತ್ತದೆ. ನಿಮಗೆ ಬರಬೇಕಾದರೆ ಅವರು ಸಹಿ ಮಾಡಿದ ಲಿಖಿತ ಹಸ್ತಾಂತರ ಬೇಕು.

ಆ ಹಸ್ತಾಂತರವನ್ನು ಹೇಗೆ ಬರೆಯುತ್ತೀರಿ ಎಂಬುದೂ ಮುಖ್ಯ. ಅದೇ ಕಾಯ್ದೆಯ 19ನೇ ಕಲಂ ಪ್ರಕಾರ, ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದೇ ಅರ್ಥ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತದೊಳಗೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಪತ್ರದಲ್ಲಿ ಬೇರೆ ರೀತಿ ಹೇಳಿರದ ಹೊರತು ಅದು ಬಿದ್ದುಹೋಗುತ್ತದೆ. ನಿಮ್ಮ ಗ್ರಾಹಕರು ಆರ್ಡರ್ ಎರಡು ವರ್ಷ ತಡೆಹಿಡಿದರೆ ಏನಾಗಬಹುದು ಎಂದು ಯೋಚಿಸಿ. ಆದ್ದರಿಂದ ಈ ಸಾಲು ಇರಲಿ:

> “ಪ್ರತಿ ಹಂತದ ಫೀ ಸಂದಾಯವಾದ ಕೂಡಲೇ ಆ ಹಂತದ ಡ್ರಾಯಿಂಗ್, ಮಾಡೆಲ್ ಮತ್ತು ಕಾಗದಪತ್ರಗಳ ಕಾಪಿರೈಟ್ ಸೇರಿ ಎಲ್ಲ ಹಕ್ಕುಗಳು ಕಂಪನಿಗೆ ಹಸ್ತಾಂತರವಾಗುತ್ತವೆ. ಈ ಹಸ್ತಾಂತರ ಕಾಪಿರೈಟ್ ಇರುವಷ್ಟು ಪೂರ್ಣ ಅವಧಿಗೆ ಮತ್ತು ಎಲ್ಲ ದೇಶಗಳಿಗೆ ಅನ್ವಯಿಸುತ್ತದೆ. ಒಂದು ವರ್ಷದೊಳಗೆ ಬಳಸಲಿಲ್ಲ ಎಂಬ ಕಾರಣಕ್ಕೆ ಹಕ್ಕು ಮರಳುವುದಿಲ್ಲ.”

‘ಫೀ ಸಂದಾಯವಾದ ಕೂಡಲೇ’ ಎಂಬುದನ್ನು ಬೇಕೆಂದೇ ಹಾಕಿದ್ದೇನೆ. ಸಹಿ ಹಾಕಿದ ದಿನವೇ ಎಲ್ಲ ಹಕ್ಕೂ ಕಂಪನಿಗೆ ಎಂದು ಬರೆಸಿಕೊಳ್ಳುವವರಿದ್ದಾರೆ. ಅದು ಕಾನೂನಿಗೆ ವಿರುದ್ಧವಲ್ಲ. ಆದರೆ ಹಣ ಸಿಗದ ಕನ್ಸಲ್ಟೆಂಟ್ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇಬ್ಬರೂ ನೆಮ್ಮದಿಯಿಂದ ಸಹಿ ಹಾಕಬೇಕಾದರೆ ಹಕ್ಕು ಮತ್ತು ಹಣ ಜೊತೆಯಾಗಿ ನಡೆಯಬೇಕು.

ಗುಟ್ಟು ಕಾಪಾಡುವ ಷರತ್ತು ಹಾಕಿ, ನಿಮ್ಮ ಗ್ರಾಹಕರ ಡ್ರಾಯಿಂಗ್ ಮತ್ತು ದರಗಳನ್ನು ಅದರಲ್ಲಿ ಹೆಸರಿಸಿ. ‘ಮುಂದಿನ ಎರಡು ವರ್ಷ ಬೇರೆ ಯಾವ ಹೈಡ್ರಾಲಿಕ್ ಕಂಪನಿಗೂ ಕೆಲಸ ಮಾಡಬಾರದು’ ಎಂದು ಮಾತ್ರ ಹಾಕಬೇಡಿ. ಒಪ್ಪಂದ ಮುಗಿದ ಮೇಲೂ ಒಬ್ಬರ ವೃತ್ತಿಗೆ ತಡೆಹಾಕುವ ಷರತ್ತನ್ನು ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಮಾನ್ಯ ಮಾಡುವುದಿಲ್ಲ. ಜೊತೆಗೆ ಆ ಸಾಲು ಅವರನ್ನು ನಿಮ್ಮ ಮನೆಯವರಂತೆ ತೋರಿಸುತ್ತದೆ, ಸ್ವತಂತ್ರರಂತೆ ಅಲ್ಲ.

ಹಣ

‘ತಿಂಗಳಿಗೆ 60 ಸಾವಿರ’ ಎಂಬ ಮಾತನ್ನೇ ಬದಲಿಸೋಣ. ಆರು ತಿಂಗಳಿಗೆ ಒಟ್ಟು 3,60,000 ಆಗುತ್ತದೆ. ಆ ಮೊತ್ತ ಹಾಗೇ ಇರಲಿ, ಒಡೆಯುವ ರೀತಿ ಬೇರೆ ಇರಲಿ. ಪ್ರತಿ ಫಿಕ್ಸ್‌ಚರ್‌ಗೆ ಒಂದು ಲಕ್ಷ. ಅದರಲ್ಲಿ ಕಾನ್ಸೆಪ್ಟ್ ಒಪ್ಪಿಗೆಯಾದಾಗ 30,000, ಅಂತಿಮ ಡ್ರಾಯಿಂಗ್ ಬಂದಾಗ 50,000, ಟ್ರಯಲ್ ಪಾಸ್ ಆದಾಗ 20,000. ಮೂರಕ್ಕೆ ಮೂರು ಲಕ್ಷವಾಯಿತು. ಉಳಿದ 60,000 ಶಾಪ್ ಭೇಟಿಗಳಿಗೆ, ಒಂದು ಭೇಟಿಗೆ 6,000ದಂತೆ ಹೆಚ್ಚೆಂದರೆ ಹತ್ತು. ಬಂದರೆ ಹಣ, ಬರದಿದ್ದರೆ ಇಲ್ಲ.

ತಿಂಗಳ ಫೀ ಇದ್ದ ಮಾತ್ರಕ್ಕೆ ಯಾರೂ ನೌಕರರಾಗುವುದಿಲ್ಲ. ಲೆಕ್ಕಪರಿಶೋಧಕರು, ವಕೀಲರು ತಿಂಗಳ ಫೀ ಪಡೆಯುವುದುಂಟು. ಆದರೆ ನಿಮ್ಮಲ್ಲಿ ತಿಂಗಳ ಹಣದ ಜೊತೆಗೆ ದಿನಾ ಬರುವುದು, ಒಬ್ಬರೇ ಗ್ರಾಹಕರು, ನಿಮ್ಮದೇ ಟೇಬಲ್ ಇವೂ ಸೇರಿಕೊಳ್ಳುವ ಸಾಧ್ಯತೆ ಇದೆ. ಆಗ ತಕ್ಕಡಿ ಆ ಕಡೆ ವಾಲುತ್ತದೆ. ಹಂತಹಂತದ ಹಣ ಹೆಚ್ಚು ಸುರಕ್ಷಿತ.

ಅವರು ಇನ್‌ವಾಯ್ಸ್ ಕೊಟ್ಟ ಮೇಲೆಯೇ ಹಣ ಕೊಡಿ. ಸಂಬಳದ ಚೀಟಿಯಲ್ಲಿ ಅವರ ಹೆಸರು ಬರಬಾರದು, ಸಂಬಳದ ದಿನ ಎಲ್ಲರ ಜೊತೆ ಒಂದೇ ಬ್ಯಾಂಕ್ ಪಟ್ಟಿಯಲ್ಲೂ ಹೋಗಬಾರದು. ರಜೆ, ಬೋನಸ್, ಗ್ರಾಚ್ಯುಟಿ ಇಲ್ಲ ಎಂದು ಪತ್ರದಲ್ಲಿ ಹೇಳಿ. ಪ್ರಯಾಣದ ಖರ್ಚು ಫೀಯಲ್ಲೇ ಸೇರಿದೆಯಾ ಬೇರೆಯಾ ಎಂಬುದನ್ನೂ ಈಗಲೇ ಬರೆಯಿರಿ.

ಟಿಡಿಎಸ್ ವಿಷಯ. ಇಂಜಿನಿಯರಿಂಗ್ ವೃತ್ತಿಯ ಫೀ ಆದ್ದರಿಂದ ಶೇ. 10. ಒಂದು ಆರ್ಥಿಕ ವರ್ಷದಲ್ಲಿ 50,000 ರೂಪಾಯಿವರೆಗೆ ಹಿಡಿಯಬೇಕಿಲ್ಲ, ಈ ಮಿತಿ 2025ರ ಏಪ್ರಿಲ್‌ನಿಂದ ಬಂದದ್ದು. ನಿಮ್ಮಲ್ಲಿ ಒಟ್ಟು ಮೊತ್ತ ಅದನ್ನು ಮೀರುವುದು ಮೊದಲೇ ಗೊತ್ತು. ಹಾಗಾಗಿ ಮೊದಲ ಇನ್‌ವಾಯ್ಸ್‌ನಿಂದಲೇ ಹಿಡಿಯಿರಿ. ಅವರ ಪ್ಯಾನ್ ಸಂಖ್ಯೆ ಪಡೆದುಕೊಳ್ಳಿ, ಇಲ್ಲದಿದ್ದರೆ ಶೇ. 20 ಹಿಡಿಯಬೇಕಾಗುತ್ತದೆ. ಎಲ್ಲರೂ ‘194ಜೆ’ ಎನ್ನುವ ಕಲಂ ಇದೇ. ಆದರೆ ಪತ್ರದಲ್ಲಿ ಕಲಂ ಸಂಖ್ಯೆ ಬರೆಯಬೇಡಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆಗೆ 2026ರ ಏಪ್ರಿಲ್ 1 ಜಾರಿಯ ದಿನ, ಅದರಲ್ಲಿ ಕಲಂಗಳ ಸಂಖ್ಯೆ ಬೇರೆ. ‘ಆಗ ಜಾರಿಯಲ್ಲಿರುವ ಕಾನೂನಿನಂತೆ ಟಿಡಿಎಸ್ ಹಿಡಿದು ಪ್ರಮಾಣಪತ್ರ ಕೊಡಲಾಗುವುದು’ ಎಂದರೆ ಸಾಕು.

ಜಿಎಸ್‌ಟಿಗೂ ನೌಕರಿಗೂ ನೇರ ಸಂಬಂಧ ಇದೆ. ನೌಕರ ಮಾಲೀಕನಿಗೆ ಕೊಡುವ ಸೇವೆಗೆ ಜಿಎಸ್‌ಟಿ ಇಲ್ಲ. ಸ್ವತಂತ್ರ ಕನ್ಸಲ್ಟೆಂಟ್ ಕೊಡುವ ಸೇವೆಗೆ ಉಂಟು. ಕರ್ನಾಟಕದಲ್ಲಿ ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಅವರಿಗೆ ಎಲ್ಲ ಗ್ರಾಹಕರಿಂದ ಸೇರಿ ಅಷ್ಟು ಬರದೆ, ನೋಂದಣಿಯೂ ಇಲ್ಲದಿದ್ದರೆ ಜಿಎಸ್‌ಟಿ ಹಾಕುವ ಹಾಗಿಲ್ಲ. ನೋಂದಣಿ ಇದ್ದರೆ ಶೇ. 18. ಮಾತಾಡಿದ ಫೀ ಜಿಎಸ್‌ಟಿ ಬಿಟ್ಟೋ ಸೇರಿಸಿಯೋ ಎಂದು ಪತ್ರದಲ್ಲಿ ಸ್ಪಷ್ಟ ಮಾಡಿ, ಈ ಒಂದು ಸಾಲು ಇಲ್ಲದೆ ಮೊದಲ ಇನ್‌ವಾಯ್ಸ್‌ಗೇ ಜಗಳವಾಗುವುದುಂಟು. ಅಂತಿಮ ಡ್ರಾಯಿಂಗ್ ಹಂತದ 50,000ವನ್ನೇ ತೆಗೆದುಕೊಳ್ಳಿ. ನೋಂದಣಿ ಇಲ್ಲದಿದ್ದರೆ ಟಿಡಿಎಸ್ 5,000 ಕಳೆದು 45,000 ಅವರ ಖಾತೆಗೆ. ನೋಂದಣಿ ಇದ್ದರೆ ಇನ್‌ವಾಯ್ಸ್ 59,000. ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿದ್ದರೆ ಟಿಡಿಎಸ್ 50,000ದ ಮೇಲೆ ಮಾತ್ರ. ಹಾಗಾಗಿ 54,000 ಹೋಗುತ್ತದೆ.

ಅವರಿಗೆ ‘ಉದ್ಯಮ್’ ನೋಂದಣಿ ಇದೆಯಾ ಎಂದು ಕೇಳಿ. ಇದ್ದರೆ 2006ರ ಎಂಎಸ್‌ಎಂಇ ಕಾಯ್ದೆ ಅನ್ವಯಿಸುತ್ತದೆ. ಪತ್ರದಲ್ಲಿ ಏನೇ ಬರೆದರೂ 45 ದಿನಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಅವಧಿಯನ್ನೇ ಬರೆಯದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. ಇದಲ್ಲದೆ ಗಡುವು ಮೀರಿದ ಬಾಕಿಯನ್ನು ನೀವು ನಿಜವಾಗಿ ಕೊಟ್ಟ ವರ್ಷ ಮಾತ್ರ ಆದಾಯ ತೆರಿಗೆಯಲ್ಲಿ ಖರ್ಚಾಗಿ ತೋರಿಸಬಹುದು. ಪತ್ರದಲ್ಲಿ ‘ಇನ್‌ವಾಯ್ಸ್ ತಲುಪಿದ 15 ದಿನದೊಳಗೆ’ ಎಂದು ಬರೆದು ಹಾಗೇ ನಡೆದುಕೊಳ್ಳಿ. ಒಂದು ಹಂತ ಬಂದ ಮೇಲೆ ಎಷ್ಟು ದಿನದಲ್ಲಿ ನೀವು ಒಪ್ಪಿಗೆಯೋ ಆಕ್ಷೇಪವೋ ಹೇಳಬೇಕು ಎಂಬುದನ್ನೂ ಸೇರಿಸಿ, ಏಳು ದಿನ ಸಾಕು. ಅಷ್ಟರಲ್ಲಿ ಮಾತಾಡದಿದ್ದರೆ ಒಪ್ಪಿದಂತೆ. ಇಲ್ಲದಿದ್ದರೆ ‘ಸಾಹೇಬರು ಇನ್ನೂ ನೋಡಿಲ್ಲ’ ಎಂಬ ಮಾತಿನಲ್ಲೇ ತಿಂಗಳು ಕಳೆಯುತ್ತದೆ.

ಬಿಡುವ ವಿಷಯ

ಈ ಭಾಗದಲ್ಲಿ ಹಳೇ ಲೆಟರ್‌ನ ಪದಗಳು ಮತ್ತೆ ನುಸುಳುತ್ತವೆ. ರಾಜೀನಾಮೆ, ವಜಾ, ನೋಟಿಸ್ ಪೇ, ರಿಲೀವಿಂಗ್ ಲೆಟರ್ ಯಾವುದೂ ಬೇಡ. ನೌಕರನನ್ನು ತೆಗೆಯುವಾಗ ಕಾರ್ಮಿಕ ಕಾನೂನಿನ ಕಾರಣ, ನೋಟಿಸ್, ಪರಿಹಾರಗಳ ಮಾತು ಬರುತ್ತದೆ. ಇಲ್ಲಿ ಇರುವುದು ಇಬ್ಬರ ನಡುವಿನ ವ್ಯವಹಾರದ ಕರಾರು. ಅದು ಮುಗಿಯುವ ರೀತಿಯನ್ನು ನೀವೇ ಬರೆದುಕೊಳ್ಳಬೇಕು.

ಮೊದಲನೆಯದಾಗಿ, ಕೆಲಸ ಮುಗಿದರೆ ಅಥವಾ ಆರು ತಿಂಗಳು ತುಂಬಿದರೆ, ಯಾವುದು ಮೊದಲೋ ಆಗ ಕರಾರು ತಾನಾಗಿ ಮುಗಿಯುತ್ತದೆ. ‘ಇಬ್ಬರೂ ಸುಮ್ಮನಿದ್ದರೆ ಮುಂದುವರಿದಂತೆ’ ಎಂದು ಬರೆಯಬೇಡಿ. ಹಾಗೆ ಸುಮ್ನೆ ಮುಂದುವರಿದ ಆರು ತಿಂಗಳೇ ಮೂರು ವರ್ಷವಾಗುವುದು. ಮುಂದಿನ ಕೆಲಸ ಇದ್ದರೆ ಹೊಸ ಅನುಬಂಧ, ಹೊಸ ಮೊತ್ತ.

ಎರಡನೆಯದು, ನಡುವೆ ನಿಲ್ಲಿಸುವುದು. ಯಾವ ಕಾರಣವೂ ಇಲ್ಲದೆ ಇಬ್ಬರಲ್ಲಿ ಯಾರಾದರೂ 15 ದಿನದ ಲಿಖಿತ ಸೂಚನೆ ಕೊಟ್ಟು ನಿಲ್ಲಿಸಬಹುದು ಎಂದಿರಲಿ. ಎರಡೂ ಕಡೆಗೆ ಒಂದೇ ಅವಧಿ ಇರಲಿ. ನಿಮಗೆ ಏಳು ದಿನ, ಅವರಿಗೆ ಮೂರು ತಿಂಗಳು ಎಂದು ಬರೆಯುವವರಿದ್ದಾರೆ. ಅದು ನ್ಯಾಯವೂ ಅಲ್ಲ, ಸ್ವತಂತ್ರ ವ್ಯವಹಾರದಂತೆ ಕಾಣುವುದೂ ಇಲ್ಲ. ಒಬ್ಬರು ಕರಾರು ಮುರಿದರೆ, ಉದಾಹರಣೆಗೆ ಗ್ರಾಹಕರ ಡ್ರಾಯಿಂಗ್ ಹೊರಗೆ ಕೊಟ್ಟರೆ, ಕೂಡಲೇ ನಿಲ್ಲಿಸಬಹುದು. ಡ್ರಾಯಿಂಗ್ ತಡವಾಗುವುದು, ಹಣ ತಡವಾಗುವುದು ಇಂಥ ಸರಿಪಡಿಸಬಹುದಾದ ತಪ್ಪಿಗೆ ಮೊದಲು ಬರೆದು ತಿಳಿಸಿ ಹತ್ತು ದಿನದ ಅವಕಾಶ ಕೊಡಬೇಕು.

ಮೂರನೆಯದು ನಿಜವಾಗಿ ಜಗಳ ಹುಟ್ಟುವ ಜಾಗ: ಅರ್ಧ ಆದ ಹಂತಕ್ಕೆ ಎಷ್ಟು ಹಣ? ಎರಡನೇ ಫಿಕ್ಸ್‌ಚರ್‌ನ ಕಾನ್ಸೆಪ್ಟ್ ಒಪ್ಪಿಗೆಯಾಗಿ, ಮಾಡೆಲ್ ಪೂರ್ತಿಯಾಗಿ, ಡ್ರಾಯಿಂಗ್ ಇನ್ನೂ ಬರುವ ಹೊತ್ತಿಗೆ ನಿಮ್ಮ ಗ್ರಾಹಕರು ಆರ್ಡರ್ ರದ್ದು ಮಾಡಿದರು ಎಂದುಕೊಳ್ಳಿ. ಮಾಡೆಲ್ ಸಿದ್ಧವಿದ್ದರೆ ಡ್ರಾಯಿಂಗ್ ಹಂತದ ಶೇ. 60 ಎಂದು ಪತ್ರದಲ್ಲಿ ಇದ್ದರೆ 50,000ದಲ್ಲಿ 30,000 ಕೊಡಬೇಕು. ಮೊದಲ ಫಿಕ್ಸ್‌ಚರ್ ಟ್ರಯಲ್ ಪಾಸ್ ಆಗಿತ್ತು, ಅದರ ಒಂದು ಲಕ್ಷ. ಎರಡನೆಯದರ ಕಾನ್ಸೆಪ್ಟ್ ಹಂತದ 30,000. ಈಗಿನ 30,000. ಆಗಿರುವ ನಾಲ್ಕು ಭೇಟಿಗೆ 24,000. ಒಟ್ಟು 1,84,000. ಮೊದಲೇ ಕೊಟ್ಟದ್ದು ಕಳೆದು, ಟಿಡಿಎಸ್ ಹಿಡಿದು ಉಳಿದದ್ದು ಕೊಟ್ಟರೆ ಲೆಕ್ಕ ಚುಕ್ತಾ. ಮೂರನೇ ಫಿಕ್ಸ್‌ಚರ್ ಶುರುವೇ ಆಗಿಲ್ಲ, ಅದಕ್ಕೆ ಏನೂ ಇಲ್ಲ. ಶೇ. 60 ಎಂಬ ಒಂದು ಸಾಲು ಇಲ್ಲದಿದ್ದರೆ ‘ತೊಂಬತ್ತು ಪರ್ಸೆಂಟ್ ಮುಗಿಸಿದ್ದೆ’ ಎಂದು ಅವರು, ‘ಡ್ರಾಯಿಂಗೇ ಬಂದಿಲ್ಲ’ ಎಂದು ನೀವು ವಾದ ಮಾಡುತ್ತಾ ಕೂರಬೇಕಾಗುತ್ತದೆ.

ಹಣ ಸಂದ ಏಳು ದಿನದೊಳಗೆ ಅವರು ಕ್ಯಾಡ್‌ನ ಮೂಲ ಫೈಲ್‌ಗಳನ್ನು ಕೊಡಬೇಕು ಎಂದು ಸೇರಿಸಿ. ಬರೀ ಪಿಡಿಎಫ್ ಬಂದರೆ ಮುಂದಿನ ಇಂಜಿನಿಯರ್ ಅದನ್ನು ತಿದ್ದಲಾಗದೆ ಮೊದಲಿನಿಂದ ಮಾಡಬೇಕಾಗುತ್ತದೆ. ನಿಮ್ಮ ಗ್ರಾಹಕರ ಡ್ರಾಯಿಂಗ್‌ಗಳ ಪ್ರತಿಗಳನ್ನು ಅಳಿಸಿದ್ದೇನೆ ಎಂದು ಒಂದು ಇಮೇಲ್ ಪಡೆಯಿರಿ. ಗುಟ್ಟಿನ ಷರತ್ತು, ಹಕ್ಕಿನ ಹಸ್ತಾಂತರ, ಬಾಕಿ ಹಣ ಇವು ಕರಾರು ಮುಗಿದ ಮೇಲೂ ಉಳಿಯುತ್ತವೆ ಎಂದು ಹೇಳುವುದನ್ನು ಮರೆಯಬೇಡಿ.

ಸಹಿಯ ಹೊತ್ತಿಗೆ

ಪತ್ರದ ತಲೆಬರಹ ‘ಕನ್ಸಲ್ಟೆನ್ಸಿ ಕರಾರು ಪತ್ರ’ ಎಂದಿರಲಿ, ‘ನೇಮಕಾತಿ’ ಬೇಡ. ‘ಇದು ಮಾಲೀಕ ಮತ್ತು ನೌಕರರ ಸಂಬಂಧವಲ್ಲ’ ಎಂಬ ಸಾಲನ್ನು ಖಂಡಿತ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ. ಹಾಗೆ ಬರೆದ ಮೇಲೆ ಅವರಿಗೆ ‘ಡಿಸೈನ್ ಹೆಡ್’ ಎಂದು ನಿಮ್ಮ ಕಂಪನಿಯ ವಿಸಿಟಿಂಗ್ ಕಾರ್ಡ್ ಮಾಡಿಸಿದರೆ, ರಜೆಗೆ ಅರ್ಜಿ ಬರೆಸಿದರೆ, ನಿಮ್ಮ ಹುಡುಗರ ಕೆಲಸ ಹಂಚುವ ಜವಾಬ್ದಾರಿ ಕೊಟ್ಟರೆ ಪತ್ರದ ಮಾತು ಸವೆದುಹೋಗುತ್ತದೆ. ಸೂಪರ್‌ವೈಸರ್‌ಗೂ ಈ ಪತ್ರದ ಸಾರ ಹೇಳಿ. ದಿನದ ವ್ಯವಹಾರ ನಡೆಸುವವರು ಅವರೇ ಅಲ್ವಾ? ‘ಇವತ್ತು ಯಾಕೆ ತಡ?’ ಎಂದು ವಾಟ್ಸ್ಆ್ಯಪ್‌ನಲ್ಲಿ ಅವರು ಕಳಿಸುವ ಸಂದೇಶವೂ ಒಂದು ದಾಖಲೆ.

ಕರ್ನಾಟಕದ ಮುದ್ರಾಂಕ ಕಾಯ್ದೆಯಂತೆ ಈ ಕರಾರಿಗೆ ಸ್ಟಾಂಪ್ ಶುಲ್ಕ ಇದೆ. ಶುಲ್ಕ ಕಟ್ಟದ ಪತ್ರವನ್ನು, ಕೊರತೆ ಮತ್ತು ದಂಡ ತುಂಬುವವರೆಗೆ ಕೋರ್ಟ್ ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ. ಇ-ಸ್ಟಾಂಪ್ ಪಡೆದು, ಕೆಲಸ ಶುರುವಾಗುವ ಮೊದಲೇ ಸಹಿ ಮಾಡಿ. ಅನುಬಂಧ 1 ಸೇರಿ ಪ್ರತಿ ಪುಟಕ್ಕೂ ಇಬ್ಬರ ಸಹಿ ಬೇಕು, ಟಾಲರೆನ್ಸ್ ಇರುವುದು ಆ ಪುಟದಲ್ಲೇ. ಪತ್ರ ಕನ್ನಡದಲ್ಲಿದ್ದರೂ ಪೂರ್ತಿ ಮಾನ್ಯ. ಎರಡು ಭಾಷೆಯಲ್ಲಿ ಮಾಡಿದರೆ, ವ್ಯತ್ಯಾಸ ಬಂದಾಗ ಯಾವುದು ಅಂತಿಮ ಎಂದು ಒಂದು ಸಾಲು ಸೇರಿಸಿ.